ದಾಳದ ಪ್ರಯೋಗ: ಎಣಿಕೆ ಹಾಳೆಯ ಚಿತ್ರವನ್ನು ಓದಿದ ಬಗೆ ಮತ್ತು ಅದರಿಂದ ಬಂದ ತೀರ್ಮಾನ

ಉಡುಪಿ
ಜುಲೈ 18

ಪ್ರಿಯ ವಿದ್ಯಾರ್ಥಿನಿಗೆ,

ಮಲ್ಪೆಯ ನಿಮ್ಮ ಮನೆಯ ಜಗಲಿಯಲ್ಲಿ ನೀವು ಮತ್ತು ನಿಮ್ಮ ತಮ್ಮ ಸೇರಿ ನಡೆಸಿದ ದಾಳದ ಪ್ರಯೋಗದ ವರದಿಯೂ ಎಣಿಕೆ ಹಾಳೆಯ ಎರಡು ಮೊಬೈಲ್ ಚಿತ್ರಗಳೂ ನನಗೆ ತಲುಪಿವೆ. ಎರಡನೆಯ ವರ್ಷದ ಸಂಖ್ಯಾಶಾಸ್ತ್ರದ ಕಿರು ಯೋಜನೆಗೆ ಮನೆಯವರು ಆಡುವ ಲೂಡೋ ದಾಳವನ್ನೇ ಆರಿಸಿಕೊಂಡದ್ದು ನನಗೆ ತುಂಬ ಹಿಡಿಸಿತು. ಪುಸ್ತಕದ ಕೊನೆಯಲ್ಲಿ ಕೊಟ್ಟ ಅಂಕಿಗಳನ್ನು ಸೂತ್ರಕ್ಕೆ ಹಾಕುವವರು ಬಹಳ ಮಂದಿ ಇದ್ದಾರೆ. ತಾವೇ ಕುಳಿತು ದಾಳ ಉರುಳಿಸಿ ಗೀಟು ಹಾಕುವವರು ಕಡಿಮೆ. ಆದರೆ ವರದಿಯ ಕೊನೆಯಲ್ಲಿ ನೀವು ಬರೆದಿರುವ "ಈ ದಾಳ ನ್ಯಾಯವಾದುದಲ್ಲ" ಎಂಬ ವಾಕ್ಯವನ್ನು ಈಗಿನ ಹಾಳೆಯ ಆಧಾರದ ಮೇಲೆ ನಾನು ಒಪ್ಪಲಾರೆ. ಕಾರಣ ಸೂತ್ರದಲ್ಲಿಲ್ಲ, ಚಿತ್ರವನ್ನು ಓದಿದ ರೀತಿಯಲ್ಲಿದೆ. ಆದ್ದರಿಂದ ಮೊದಲು ಚಿತ್ರದ ವಿಷಯವನ್ನೇ ವಿವರವಾಗಿ ಬರೆಯುತ್ತೇನೆ.

ನಿಮ್ಮ ವರದಿಯಲ್ಲಿ ಒಂದರಿಂದ ಆರರವರೆಗಿನ ಮುಖಗಳಿಗೆ ಕ್ರಮವಾಗಿ 41, 47, 44, 52, 49, 72 ಎಂದಿದೆ, ಒಟ್ಟು 305. ಆದರೆ ಹಾಳೆಯ ಎಡ ಅಂಚಿನಲ್ಲಿ ನಿಮ್ಮ ತಮ್ಮ ಪ್ರತಿ ಐವತ್ತು ಎಸೆತ ಮುಗಿದಾಗ ಒಂದೊಂದು ಸೊನ್ನೆ ಸುತ್ತಿದ್ದಾನೆ, ಅಂಥವು ಆರು ಇವೆ, ಏಳನೆಯದು ಆರಂಭವಾದ ಗುರುತೂ ಇಲ್ಲ. ಹಾಗಾದರೆ ಎಸೆತಗಳು 300. ಹೆಚ್ಚಿನ ಐದನ್ನು ನೀವು "ಎಸೆಯುವಾಗ ಲೆಕ್ಕ ತಪ್ಪಿರಬಹುದು" ಎಂದು ಬಿಟ್ಟಿದ್ದೀರಿ. ಐದು ಎಂಬ ಸಂಖ್ಯೆಯೇ ನನ್ನ ಗಮನ ಸೆಳೆಯಿತು, ಏಕೆಂದರೆ ನಾಲ್ಕು ನೆಟ್ಟನೆಯ ಗೀಟು ಮತ್ತು ಅವುಗಳ ಮೇಲೆ ಒಂದು ಓರೆ ಗೀಟು ಸೇರಿದ ಒಂದು ಕಟ್ಟು ಎಂದರೆ ಸರಿಯಾಗಿ ಐದು.

ಚಿತ್ರಗಳನ್ನು ಹಿಗ್ಗಿಸಿ ಅಕ್ಕಪಕ್ಕ ಇಟ್ಟು ನೋಡಿದೆ. ಬೇರೆಲ್ಲ ಮುಖಗಳ ಸಾಲುಗಳು ಮೊದಲನೆಯ ಚಿತ್ರದಲ್ಲೇ ಮುಗಿಯುತ್ತವೆ. ಆರರ ಸಾಲು ಮಾತ್ರ ಉದ್ದವಾಗಿ ಬಲ ಅಂಚಿನವರೆಗೆ ಹೋಗಿರುವುದರಿಂದ ಅದರ ಬಾಲವನ್ನು ಹಿಡಿಯಲು ನೀವು ಎರಡನೆಯ ಚಿತ್ರ ತೆಗೆದಿದ್ದೀರಿ. ಮೊದಲನೆಯ ಚಿತ್ರದಲ್ಲಿ ಆರರ ಸಾಲಿನಲ್ಲಿ ಹನ್ನೆರಡು ಕಟ್ಟುಗಳಿವೆ. ಹನ್ನೆರಡನೆಯ ಕಟ್ಟಿನ ಓರೆ ಗೀಟು ಕೆಳಗಿನ ಅಚ್ಚಿನ ಗೆರೆಯನ್ನು ದಾಟಿ ಬಂದಿದೆ, ಅದರ ತುದಿಯಲ್ಲಿ ಮಳೆಹನಿ ಬಿದ್ದು ನೀಲಿ ಶಾಯಿ ಸಾಸಿವೆ ಕಾಳಿನಷ್ಟು ಅಗಲಕ್ಕೆ ಹರಡಿದೆ. ಎರಡನೆಯ ಚಿತ್ರದ ಎಡ ಅಂಚಿನಲ್ಲಿರುವ ಮೊದಲ ಕಟ್ಟನ್ನು ನೋಡಿ: ಅದೇ ಗೆರೆ ದಾಟಿದ ಓರೆ ಗೀಟು, ತುದಿಯಲ್ಲಿ ಅದೇ ಹರಡಿದ ಶಾಯಿ. ಅದು ಹದಿಮೂರನೆಯ ಕಟ್ಟಲ್ಲ, ಹನ್ನೆರಡನೆಯದೇ ಮತ್ತೊಮ್ಮೆ ಚಿತ್ರಕ್ಕೆ ಬಂದಿದೆ. ಅದರ ನಂತರ ಒಂದು ಕಟ್ಟು ಮತ್ತು ಎರಡು ಬಿಡಿ ಗೀಟುಗಳಿವೆ. ಹಾಗಾಗಿ ಆರರ ಎಣಿಕೆ ಹದಿಮೂರು ಕಟ್ಟು ಮತ್ತು ಎರಡು, ಅಂದರೆ 67. ಒಟ್ಟು 300ಕ್ಕೆ ಕೂಡಿಬರುತ್ತದೆ.

ಇನ್ನೊಂದು ಅನುಮಾನದ ಜಾಗ ಮೂರರ ಸಾಲಿನ ಕೊನೆ. ಅಲ್ಲಿ ಎಂಟು ಕಟ್ಟುಗಳ ನಂತರ ನಾಲ್ಕು ಗೀಟುಗಳಿವೆಯೋ, ಅಥವಾ ಮೂರು ಗೀಟುಗಳ ಪಕ್ಕದಲ್ಲಿ ಕಾಗದದ ಮಡಿಕೆಯ ನೆರಳು ಬಿದ್ದಿದೆಯೋ ಎಂಬುದು ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಬಣ್ಣವನ್ನು ಗಮನಿಸಿದರೆ ಅದು ಬೂದಿಯಲ್ಲ, ನೀಲಿ. ಒಟ್ಟು ಮೊತ್ತವೂ ಅದನ್ನು ಗೀಟು ಎಂದೇ ಹೇಳುತ್ತದೆ. ಆದರೂ ಮೊತ್ತದ ಮೇಲೆ ಭಾರ ಹಾಕಿ ಗೀಟನ್ನು ಓದುವುದು ಪೂರ್ತಿ ನಿಶ್ಚಿಂತೆಯ ದಾರಿಯಲ್ಲವಾದ್ದರಿಂದ, ಅದನ್ನು ಬಿಟ್ಟು 43 ಎಂದು ಇಟ್ಟುಕೊಂಡೂ ಲೆಕ್ಕ ಮಾಡಿದ್ದೇನೆ. ಫಲಿತಾಂಶವನ್ನು ಮುಂದೆ ಕೊಟ್ಟಿದ್ದೇನೆ.

ಈಗ ಪರೀಕ್ಷೆಗೆ ಬರೋಣ. ಶೂನ್ಯ ಊಹೆಯ ಪ್ರಕಾರ ಆರೂ ಮುಖಗಳ ಸಂಭವನೀಯತೆ ತಲಾ 1/6. ಆದ್ದರಿಂದ 300 ಎಸೆತಗಳಲ್ಲಿ ಪ್ರತಿ ಮುಖದ ನಿರೀಕ್ಷಿತ ಎಣಿಕೆ 50. ಇದು ಐದಕ್ಕಿಂತ ಎಷ್ಟೋ ಹೆಚ್ಚಾಗಿರುವುದರಿಂದ ಕೈ-ಸ್ಕ್ವೇರ್ ಅಂದಾಜನ್ನು ಬಳಸಲು ಅಡ್ಡಿಯಿಲ್ಲ.

| ಮುಖ | ಕಂಡ ಎಣಿಕೆ | ವ್ಯತ್ಯಾಸ | ವ್ಯತ್ಯಾಸದ ವರ್ಗ | 50ರಿಂದ ಭಾಗಿಸಿದಾಗ |
|---|---|---|---|---|
| 1 | 41 | −9 | 81 | 1.62 |
| 2 | 47 | −3 | 9 | 0.18 |
| 3 | 44 | −6 | 36 | 0.72 |
| 4 | 52 | +2 | 4 | 0.08 |
| 5 | 49 | −1 | 1 | 0.02 |
| 6 | 67 | +17 | 289 | 5.78 |
| ಒಟ್ಟು | 300 | 0 | 420 | 8.40 |

ವ್ಯತ್ಯಾಸಗಳ ಮೊತ್ತ ಸೊನ್ನೆಯೇ ಆಗಬೇಕೆಂಬ ನಿರ್ಬಂಧ ಇರುವುದರಿಂದ ಐದು ಮುಖಗಳ ಎಣಿಕೆ ತಿಳಿದರೆ ಆರನೆಯದು ತಾನಾಗಿ ನಿಶ್ಚಯವಾಗುತ್ತದೆ. ಹಾಗಾಗಿ ಸ್ವಾತಂತ್ರ್ಯದ ಮಟ್ಟ ಐದು, ಆರಲ್ಲ. ಶೇಕಡಾ 5ರ ಮಟ್ಟದಲ್ಲಿ ಕೋಷ್ಟಕದ ಬೆಲೆ 11.070. ನಮಗೆ ಸಿಕ್ಕಿದ್ದು 8.40, ಪಿ-ಮೌಲ್ಯ ಸುಮಾರು 0.136. ಮೂರರ ಸಾಲನ್ನು 43 ಎಂದು ಓದಿ ಒಟ್ಟನ್ನು 299 ಎಂದುಕೊಂಡರೆ 8.69 ಬರುತ್ತದೆ, ಅದೂ 11.070ಕ್ಕಿಂತ ಕಡಿಮೆಯೇ. ಅಂದರೆ ಆ ಒಂದು ಗೀಟಿನ ಅನುಮಾನ ತೀರ್ಮಾನವನ್ನು ಬದಲಿಸುವುದಿಲ್ಲ. ಎರಡು ಬಾರಿ ಎಣಿಸಿದ ಕಟ್ಟು ಮಾತ್ರ ಬದಲಿಸುತ್ತದೆ: ನಿಮ್ಮ 72 ಮತ್ತು 305ರಿಂದ 12.02 ಬರುತ್ತದೆ, ಪಿ-ಮೌಲ್ಯ 0.035ಕ್ಕೆ ಇಳಿಯುತ್ತದೆ. ದಾಳವನ್ನು ದೋಷಿಯಾಗಿಸಿದ್ದು ಚಿತ್ರದ ಅಂಚಿನಲ್ಲಿ ಎರಡು ಸಲ ಕಂಡ ಆ ಐದು ಗೀಟುಗಳೇ.

ವರದಿಯ ಹಿಂಬದಿಯಲ್ಲಿ ನಿಮ್ಮ ಸಹಪಾಠಿಯೊಬ್ಬರು ಪೆನ್ಸಿಲಿನಲ್ಲಿ ಆರು ಸ್ವಾತಂತ್ರ್ಯ ಮಟ್ಟದ 12.592 ಎಂಬ ಬೆಲೆಯನ್ನು ಬರೆದು, 12.02 ಅದಕ್ಕಿಂತ ಚಿಕ್ಕದಾದ್ದರಿಂದ ದಾಳ ಸರಿಯಿದೆ ಎಂದಿದ್ದಾರೆ. ಅವರ ಉತ್ತರ ನನ್ನ ಉತ್ತರದೊಂದಿಗೆ ಹೊಂದುತ್ತದೆ, ಆದರೆ ಅದು ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿದ್ದರಿಂದ ಬಂದದ್ದು. ದಯವಿಟ್ಟು ಅದನ್ನು ಅವರಿಗೂ ತಿಳಿಸಿ.

ಗಣಕದಲ್ಲಿ ಸರಿನೋಡಲು ಆರ್ ತಂತ್ರಾಂಶದಲ್ಲಿ ಎರಡು ಸಾಲು ಸಾಕು:

```
o <- c(41, 47, 44, 52, 49, 67)
chisq.test(o)
```

ಅದು X-squared = 8.4, df = 5, p-value = 0.1355 ಎಂದು ತೋರಿಸುತ್ತದೆ.

ಇಷ್ಟಾದ ಮೇಲೂ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದೇ ಇರುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ: ಐವತ್ತು ಬರಬೇಕಾದಲ್ಲಿ ಆರು ಅರವತ್ತೇಳು ಸಲ ಬಿದ್ದಿದೆಯಲ್ಲ? ಒಟ್ಟು 8.40ರಲ್ಲಿ 5.78ನ್ನು ಆ ಒಂದು ಮುಖವೇ ಕೊಟ್ಟಿದೆ. ಆರನ್ನು ಮಾತ್ರ ಪ್ರತ್ಯೇಕವಾಗಿ ನೋಡಿದರೆ ಪ್ರಮಾಣ ವಿಚಲನೆ √(300 × 1/6 × 5/6), ಅಂದರೆ 6.45; ಹದಿನೇಳರ ವ್ಯತ್ಯಾಸ ಅದರ 2.63 ಪಟ್ಟು, ಎರಡೂ ಬದಿ ಸೇರಿ ಪಿ-ಮೌಲ್ಯ ಸುಮಾರು 0.008. ಇದನ್ನು ಕಂಡವರಿಗೆ ಕೈ-ಸ್ಕ್ವೇರ್ ಪರೀಕ್ಷೆಯೇ ಕುರುಡಾಗಿದೆ ಎನಿಸಬಹುದು. ಆದರೆ ಆರು ಮುಖಗಳಲ್ಲಿ ಅತಿ ದೂರ ಹೋದದ್ದು ಯಾವುದು ಎಂದು ನೋಡಿದ ಮೇಲೆ ಅದನ್ನೇ ಎತ್ತಿ ಪರೀಕ್ಷಿಸಿದರೆ, ನಾವು ವಾಸ್ತವವಾಗಿ ಆರು ಪರೀಕ್ಷೆಗಳನ್ನು ಮಾಡಿ ಒಂದನ್ನು ತೋರಿಸಿದಂತಾಗುತ್ತದೆ. 0.008ನ್ನು ಆರರಿಂದ ಗುಣಿಸಿ ಅದಕ್ಕೆ ಬೆಲೆ ತೆತ್ತರೆ 0.05ರ ಹೊಸ್ತಿಲಿನ ಆಚೀಚೆ ಬಂದು ನಿಲ್ಲುತ್ತದೆ. ಪ್ರಯೋಗದ ಮೊದಲೇ "ಆರು ಹೆಚ್ಚು ಬೀಳುತ್ತದೆ" ಎಂದು ಬರೆದಿಟ್ಟಿದ್ದರೆ ಮಾತು ಬೇರೆ ಇತ್ತು. ನಿಮ್ಮ ದೊಡ್ಡಪ್ಪ ಆಟದಲ್ಲಿ ಹಾಗೆ ಗೊಣಗುತ್ತಿದ್ದರೆಂದು ನೀವು ಬಾಯಲ್ಲಿ ಹೇಳಿದ್ದು ನೆನಪಿದೆ, ಅದನ್ನು ನಾನು ಅವಿಶ್ವಾಸದಿಂದ ಕಾಣುವುದಿಲ್ಲ. ಆದರೆ ವರದಿಯ ಮೊದಲ ಪುಟದಲ್ಲಿ ಇರುವುದು "ದಾಳ ಸರಿಯಿಲ್ಲವೆಂದು ಅನುಮಾನ" ಎಂಬ ಮಾತು ಮಾತ್ರ. ಲೆಕ್ಕಕ್ಕೆ ಬರುವುದು ಬರೆದಿಟ್ಟದ್ದೇ.

ಆದ್ದರಿಂದ ವರದಿಯ ತೀರ್ಮಾನವನ್ನು ಹೀಗೆ ತಿದ್ದಬೇಕೆಂದು ನನ್ನ ಸಲಹೆ: "ಈ 300 ಎಸೆತಗಳು ದಾಳ ನ್ಯಾಯವಾದುದೆಂಬ ಊಹೆಯನ್ನು ಶೇಕಡಾ 5ರ ಮಟ್ಟದಲ್ಲಿ ತಿರಸ್ಕರಿಸಲು ಸಾಲುವುದಿಲ್ಲ, ಆದರೆ ಆರರ ಎಣಿಕೆ ಮರುಪರಿಶೀಲನೆಗೆ ಅರ್ಹವಾಗಿದೆ." ದಾಳ ಸರಿಯಿದೆ ಎಂದು ಸಿದ್ಧವಾಯಿತೆಂದು ಬರೆಯಬೇಡಿ. ನಿಜವಾಗಿಯೂ ಆರರ ಸಂಭವನೀಯತೆ 67/300 ಇದ್ದು ಉಳಿದ ಐದು ಮುಖಗಳು ಮಿಕ್ಕದ್ದನ್ನು ಸಮನಾಗಿ ಹಂಚಿಕೊಂಡಿದ್ದರೂ, 300 ಎಸೆತಗಳ ಪ್ರಯೋಗ ಅದನ್ನು ಹಿಡಿಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧದಷ್ಟೇ. 600 ಎಸೆತಗಳಾದರೆ ಅದು ಶೇಕಡಾ 80ನ್ನು ದಾಟುತ್ತದೆ.

ಆರು ಅತಿ ಹೆಚ್ಚು, ಅದರ ಎದುರಿನ ಮುಖವಾದ ಒಂದು ಅತಿ ಕಡಿಮೆ ಎಂಬುದು ನನ್ನನ್ನೂ ಸ್ವಲ್ಪ ಹೊತ್ತು ತಡೆದು ನಿಲ್ಲಿಸಿತು. ಚುಕ್ಕೆಗಳನ್ನು ಕೊರೆದು ಮಾಡಿದ ದಾಳದಲ್ಲಿ ಆರು ಕುಳಿಗಳಿರುವ ಬದಿ ಒಂದು ಕುಳಿಯ ಬದಿಗಿಂತ ಹಗುರ. ಹಗುರವಾದ ಬದಿ ಮೇಲೆ ನಿಲ್ಲುವ ಒಲವು ತುಸು ಹೆಚ್ಚಿರುತ್ತದೆ. ವೆಲ್ಡನ್ ಎಂಬ ಜೀವವಿಜ್ಞಾನಿ ಹನ್ನೆರಡು ದಾಳಗಳನ್ನು 26,306 ಸಲ ಎಸೆದು ದಾಖಲಿಸಿದ್ದ ಎಣಿಕೆಯಲ್ಲಿ ಐದು ಅಥವಾ ಆರು ಬಿದ್ದ ಪ್ರಮಾಣ ಮೂರನೇ ಒಂದರ ಬದಲು 0.3377 ಇತ್ತು. ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆಯನ್ನು ಮಂಡಿಸಿದ ಲೇಖನದಲ್ಲೇ ಆ ಅಂಕಿಗಳನ್ನು ಉದಾಹರಣೆಯಾಗಿ ಬಳಸಿದ. ಅಷ್ಟು ಸಣ್ಣ ಓರೆಯನ್ನು ಕಾಣಲು ಮೂರು ಲಕ್ಷಕ್ಕೂ ಮಿಕ್ಕಿದ ದಾಳದ ಬೀಳುವಿಕೆಗಳು ಬೇಕಾದವು ಎಂಬುದನ್ನೂ ಗಮನಿಸಿ. ನಿಮ್ಮ ದಾಳದ ಚುಕ್ಕೆಗಳು ಕೊರೆದವೋ ಬಣ್ಣ ಬಳಿದವೋ ಎಂಬುದು ಚಿತ್ರದಲ್ಲಿಲ್ಲ. ಬೆರಳಿನಿಂದ ತಡವಿ ನೋಡಿ ವರದಿಯಲ್ಲಿ ಸೇರಿಸಿ.

ಮುಂದಿನ ವಾರ ಹೊಸ ಹಾಳೆಯಲ್ಲಿ 600 ಎಸೆತಗಳನ್ನು ದಾಖಲಿಸಿ. ಮೊದಲ ಎಸೆತಕ್ಕೆ ಮುನ್ನವೇ ಹಾಳೆಯ ತಲೆಯಲ್ಲಿ "ಆರರ ಸಂಭವನೀಯತೆ 1/6ಕ್ಕಿಂತ ಹೆಚ್ಚೇ ಎಂಬುದೇ ಪ್ರಶ್ನೆ" ಎಂದು ಬರೆದು ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿ. ನಿರೀಕ್ಷಿತ 100ರ ಜಾಗದಲ್ಲಿ ಆರು 116 ಅಥವಾ ಹೆಚ್ಚು ಸಲ ಬಿದ್ದರೆ ಶೇಕಡಾ 5ರ ಮಟ್ಟದಲ್ಲಿ ನ್ಯಾಯದ ಊಹೆಯನ್ನು ಕೈಬಿಡಬಹುದು. ಹಳೆಯ 300ನ್ನು ಇದಕ್ಕೆ ಸೇರಿಸಬೇಡಿ, ಏಕೆಂದರೆ ಈ ಪ್ರಶ್ನೆ ಹುಟ್ಟಿದ್ದೇ ಅವುಗಳಿಂದ. ಲೋಟದಲ್ಲಿ ಕುಲುಕಿ ಮಣೆಯ ಮೇಲೆ ಉರುಳಿಸುವ ಕ್ರಮವನ್ನೇ ಮುಂದುವರಿಸಿ. ಪ್ರತಿ ಸಾಲಿಗೆ ಹತ್ತು ಕಟ್ಟು ಆದೊಡನೆ ಕೆಳಗಿನ ಸಾಲಿಗೆ ಇಳಿಯಿರಿ, ಆಗ ಇಡೀ ಹಾಳೆ ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ, ಹಾಳೆಯನ್ನು ಮಡಿಸುವ ಮೊದಲೇ ತೆಗೆಯಿರಿ, ಮತ್ತು ಮೂಲ ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಗುರುವಾರ ತರಗತಿಗೆ ತನ್ನಿ. ಈ ಬಾರಿ ಅದನ್ನು ನಾವಿಬ್ಬರೂ ಬೇರೆಬೇರೆಯಾಗಿ ಎಣಿಸಿ, ನಂತರ ಅಂಕಿಗಳನ್ನು ಹೋಲಿಸೋಣ.

ಇತಿ,
ನಿಮ್ಮ ಸಂಖ್ಯಾಶಾಸ್ತ್ರ ಉಪನ್ಯಾಸಕ