ಪುಟ್ಟಿಗೆ ಬಂದ ಜ್ವರದ ಫಿಟ್ಸ್ ಕುರಿತು

ದಾವಣಗೆರೆ, ಶುಕ್ರವಾರ

ಪುಟ್ಟಿಯ ತಂದೆತಾಯಿಯವರಿಗೆ ನಮಸ್ಕಾರ.

ನಿನ್ನೆ ರಾತ್ರಿ ನಾನು ಹೇಳಿದ್ದರಲ್ಲಿ ಅರ್ಧವೂ ನಿಮ್ಮ ಮನಸ್ಸಿಗೆ ಇಳಿದಿರಲಾರದು. ಮಗುವನ್ನು ಆ ಸ್ಥಿತಿಯಲ್ಲಿ ಕಂಡವರಿಗೆ ಇಳಿಯುವುದೂ ಇಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಅಜ್ಜಿಗೂ ಓದಿ ಹೇಳಿ.

ಆರು ತಿಂಗಳಿಂದ ಐದು ವರ್ಷದವರೆಗೆ ಮಕ್ಕಳ ಮಿದುಳು ಇನ್ನೂ ಎಳೆಯದು. ಜ್ವರ ಬಂದಾಗ ಕೆಲವು ಮಕ್ಕಳಲ್ಲಿ ಅದು ಸ್ವಲ್ಪ ಹೊತ್ತು ಹಿಡಿತ ತಪ್ಪಿ ಕೈಕಾಲು ಸೆಟೆದು ಅದುರುತ್ತವೆ. 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗಾಗುತ್ತದೆ. ಕೆಲವು ಮನೆತನಗಳಲ್ಲಿ ಹೆಚ್ಚು. ಚಿಕ್ಕಂದಿನಲ್ಲಿ ತಮಗೂ ಬಂದಿತ್ತೆಂದು ತಂದೆಯವರೇ ಹೇಳಿದರಲ್ಲ. ಈ ಸಲದ ಜ್ವರ ಗಂಟಲಿನ ವೈರಸ್ ಸೋಂಕಿನದು. "ಸಂಜೆ ತಲೆಗೆ ನೀರು ಹಾಕಿದ್ದೇ ತಪ್ಪಾಯಿತೇ?" ಎಂದು ತಾಯಿ ಮೂರು ಸಲ ಕೇಳಿದಿರಿ. ಇಲ್ಲಮ್ಮ. ನಿಮ್ಮಿಂದ ಏನೂ ತಪ್ಪಾಗಿಲ್ಲ.

ಎರಡು ನಿಮಿಷದಲ್ಲಿ ನಿಂತ ಇಂಥ ಫಿಟ್ಸ್‌ನಿಂದ ಮಿದುಳಿಗೆ ಪೆಟ್ಟಾಗುವುದಿಲ್ಲ, ಬುದ್ಧಿ ಕುಂದುವುದಿಲ್ಲ. ಇದು ಮೂರ್ಛೆರೋಗವಲ್ಲ. ಹಾಗಾಗಿಯೇ ಸ್ಕ್ಯಾನ್ ಬರೆದಿಲ್ಲ, ದಿನವೂ ನುಂಗಿಸುವ ಮಾತ್ರೆಯನ್ನೂ ಕೊಟ್ಟಿಲ್ಲ.

ಆದರೆ ಮೂರು ಮಕ್ಕಳಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮತ್ತೆ ಬರುತ್ತದೆ. ಬಂದರೆ ಪುಟ್ಟಿಯನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿಯಲಿ. ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ನೀರು, ಔಷಧಿ, ಬೆರಳು, ಏನನ್ನೂ ಹಾಕಬೇಡಿ. ತಂದೆಯವರ ತೋರುಬೆರಳಿನ ಮೇಲೆ ನಾಲ್ಕು ಪುಟ್ಟ ಹಲ್ಲಿನ ಗುರುತು ಕಂಡೆ, ರಕ್ತ ಹೆಪ್ಪುಗಟ್ಟಿತ್ತು. ನಾಲಿಗೆ ಒಳಗೆ ಹೋಗುತ್ತದೆಂಬ ಭಯದಿಂದ ಮಾಡಿದಿರಿ, ಗೊತ್ತು. ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ಅಜ್ಜಿ ಕೈಗಿಟ್ಟ ಬೀಗದ ಕೈಗೊಂಚಲಿನಿಂದ ಕೆಡುಕಿಲ್ಲ, ಆದರೆ ಫಿಟ್ಸ್ ನಿಂತದ್ದು ತಾನಾಗಿಯೇ. ಬರೆ ಹಾಕಿಸುವ ಮಾತನ್ನು ಯಾರಾದರೂ ಎತ್ತಿದರೆ ಖಂಡಿತ ಒಪ್ಪಬೇಡಿ. ಸುಟ್ಟ ಗಾಯಕ್ಕೆ ನಂಜೇರಿದ ಮಕ್ಕಳಿಗೆ ನಾನು ಚಿಕಿತ್ಸೆ ಮಾಡಿದ್ದೇನೆ.

ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಜಗಳೂರಿನ ಆಚೆ ನಿಮ್ಮ ಊರಿಗೆ ವಾಹನ ಬರಲು ಹೊತ್ತಾಗುತ್ತದೆ. ಅಷ್ಟರಲ್ಲಿ ಚೀಟಿಯಲ್ಲಿ ಬರೆದಷ್ಟೇ ಮೂಗಿನ ಸ್ಪ್ರೇ ಕೊಡಿ. ಒಂದೇ ದಿನ ಎರಡು ಸಲ ಬಂದರೆ, ಒಂದೇ ಕಡೆಯ ಕೈಕಾಲು ಅದುರಿದರೆ, ನಿಂತ ಮೇಲೆ ಒಂದು ಗಂಟೆಯಾದರೂ ಗೆಲುವಾಗದಿದ್ದರೆ, ಕುತ್ತಿಗೆ ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಬೇಗ ನಿಂತರೂ ಅಂದೇ ವೈದ್ಯರಿಗೆ ತೋರಿಸಿ.

ಪ್ಯಾರಾಸಿಟಮಾಲ್ ಮೈನೋವು, ಸಂಕಟ ಇಳಿಸಲಿಕ್ಕೆ. ಅದು ಫಿಟ್ಸ್ ತಡೆಯುವುದಿಲ್ಲ, ಆದ್ದರಿಂದ ರಾತ್ರಿಯೆಲ್ಲ ಎದ್ದು ಹೆಚ್ಚು ಹೆಚ್ಚು ಕುಡಿಸಬೇಡಿ. ತಣ್ಣೀರಿನಲ್ಲಿ ಅದ್ದುವುದೂ ಬೇಡ, ಕಂಬಳಿ ಹೊದಿಸುವುದೂ ಬೇಡ.

ಒಂದೂವರೆ ವರ್ಷದ ಲಸಿಕೆ ಬಾಕಿಯಿದೆ. ಜ್ವರ ಬರುತ್ತದೆಂದು ತಪ್ಪಿಸಬೇಡಿ. ಸೋಮವಾರ ತಾಯಿ ಕಾರ್ಡ್ ಹಿಡಿದು ಬನ್ನಿ, ದಿನ ಗೊತ್ತುಮಾಡೋಣ. ಬೆರಳಿನ ಗಾಯವನ್ನೂ ಅಂದೇ ನೋಡುತ್ತೇನೆ.

ನಿಮ್ಮ ಮಕ್ಕಳ ವೈದ್ಯೆ