ಹೊಗಳಿಕೆಯ ಹಕ್ಕುದಾರರು: ಶಿರಸಿ ಶಾಖೆಯ ವ್ಯವಸ್ಥಾಪಕರು ಬೀಳ್ಕೊಡುಗೆ ಸಭೆಯಲ್ಲಿ ಆಡಿದ ಮಾತು

ವಲಯ ಕಚೇರಿಯಿಂದ ದಯಮಾಡಿಸಿರುವ ಹಿರಿಯ ಅಧಿಕಾರಿಗಳೇ, ನಮ್ಮ ಶಿರಸಿ ಶಾಖೆಯ ಸಹೋದ್ಯೋಗಿಗಳೇ, ಈ ಶಾಖೆಯಲ್ಲಿ ನನಗಿಂತ ಮೊದಲು ದುಡಿದು ನಿವೃತ್ತರಾದ ಹಿರಿಯರೇ, ಗ್ರಾಹಕ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ನನ್ನ ಅವಧಿಯಲ್ಲಿ ಠೇವಣಿ ಹೆಚ್ಚಿತು, ಮರುಪಾವತಿಯಾಗದೆ ನಿಂತ ಸಾಲ, ಅಂದರೆ ಎನ್‌ಪಿಎ ಇಳಿಯಿತು, ನೋಟು ರದ್ದತಿಯ ದಿನಗಳು ಗದ್ದಲವಿಲ್ಲದೆ ಕಳೆದವು ಎಂದು ಈಗ ಮಾತನಾಡಿದವರೆಲ್ಲ ಹೇಳಿದಿರಿ. ಪ್ರೀತಿಯಿಂದ ಆಡಿದ ಮಾತನ್ನು ಅಲ್ಲಗಳೆಯುವುದು ಸೌಜನ್ಯವಲ್ಲ. ಆದರೆ ಒಬ್ಬರಿಗೆ ಸೇರಬೇಕಾದದ್ದು ಇನ್ನೊಬ್ಬರ ಖಾತೆಗೆ ಜಮಾ ಆಗುವುದನ್ನು ಕಂಡೂ ಸುಮ್ಮನಿರುವುದು ಬ್ಯಾಂಕಿನವನಾದ ನನಗೆ ಅಭ್ಯಾಸವಿಲ್ಲ. ಹಾಗಾಗಿ ಆ ಹೊಗಳಿಕೆಯ ನಿಜವಾದ ಹಕ್ಕುದಾರರು ಯಾರೆಂದು ಹೇಳಲು ಅವಕಾಶ ಕೊಡಬೇಕು.

ನಾನು ಗುಮಾಸ್ತನಾಗಿ ಕೆಲಸಕ್ಕೆ ಸೇರಿದ್ದು 1988ರಲ್ಲಿ, ಕಾರವಾರದಲ್ಲಿ. ಲೆಡ್ಜರನ್ನು ಕೈಯಲ್ಲೇ ಬರೆದು, ಕೂಡಿ, ತಾಳೆ ನೋಡುತ್ತಿದ್ದ ಕಾಲ ಅದು. ಲೆಕ್ಕವನ್ನು ಅಲ್ಲಿನ ಹೆಡ್ ಕ್ಲಾರ್ಕ್ ಕಲಿಸಿದರು. ಜನರೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ಕಲಿಸಿದವರು ಸಾಲ ವಿಭಾಗದ ಹಿರಿಯ ಅಧಿಕಾರಿ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದಾಗ ಮೀನುಗಾರರ ಮನೆಗೆ ಹೋದರೆ, ಮೊದಲು ಮನೆಯವರ ಕ್ಷೇಮ ವಿಚಾರಿಸಿ, ಮೀನುಗಾರಿಕೆ ಮತ್ತೆ ಶುರುವಾದ ಮೇಲೆ ಯಾವ ವಾರದಿಂದ ಕಂತು ಕಟ್ಟಲು ಸಾಧ್ಯವೆಂದು ಅವರ ಬಾಯಿಂದಲೇ ಕೇಳಿಕೊಂಡು ಬರುತ್ತಿದ್ದರು. ಮುಂದೆ ನನ್ನ ಸಾಲ ವಸೂಲಾತಿಯ ಜಾಣ್ಮೆಯೆಂದು ವರದಿಗಳಲ್ಲಿ ಬಂದದ್ದೆಲ್ಲ ಅವರ ಕ್ರಮವೇ.

ನೋಟು ರದ್ದತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ಶ್ರೇಯಸ್ಸನ್ನು ನನ್ನೊಬ್ಬನಿಗೇ ಕೊಟ್ಟಿದ್ದೀರಿ. 2016ರ ನವೆಂಬರ್ 8ರ ರಾತ್ರಿ ಘೋಷಣೆಯಾದಾಗ ನಾನು ಇದೇ ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಒಂದು ದಿನ ಮುಚ್ಚಿ 10ರಂದು ಬಾಗಿಲು ತೆರೆದಾಗ ಸಾಲು ರಸ್ತೆಯವರೆಗೂ ಇತ್ತು. ಅಡಿಕೆ ಕೊಯ್ಲು ಶುರುವಾಗುವ ಹೊತ್ತು. ಅಡಿಕೆ ಗೊನೆ ಕೊಯ್ಯುವವರಿಗೆ, ಅಡಿಕೆ ಸುಲಿಯುವವರಿಗೆ ಕೂಲಿಯನ್ನು ನಗದಾಗಿಯೇ ಕೊಡಬೇಕು. ಆಗ ನಮ್ಮ ಹೆಡ್ ಕ್ಯಾಶಿಯರ್ ರಾತ್ರಿ ಲೆಕ್ಕ ತಾಳೆಯಾಗುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಿವೃತ್ತರಾಗಿದ್ದ ಇಬ್ಬರು ಹಿರಿಯರು, ಯಾರೂ ಕರೆಯದಿದ್ದರೂ ಬಂದು, ಓದುಬರಹ ಬಾರದವರ ಫಾರಂ ತುಂಬಿ ಕೊಟ್ಟರು. ನಮ್ಮ ಅಟೆಂಡರ್ ವಯಸ್ಸಾದವರನ್ನೂ ಬಾಣಂತಿಯರನ್ನೂ ಸಾಲಿನಿಂದ ಕರೆತಂದು ಒಳಗೆ ಕೂರಿಸುತ್ತಿದ್ದರು. ಅದಕ್ಕೆ ಸಾಲಿನಲ್ಲಿ ನಿಂತವರು ಯಾರೂ ಆಕ್ಷೇಪಿಸಲಿಲ್ಲ. ವಾರಕ್ಕೆ ಇಷ್ಟೇ ಹಣ ತೆಗೆಯಬಹುದೆಂಬ ಮಿತಿಯಿದ್ದಾಗಲೂ ಕೆಲವು ಬೆಳೆಗಾರರು ತಮಗೆ ಸಿಗಬಹುದಾದಷ್ಟನ್ನು ತೆಗೆಯದೆ, ಪಕ್ಕದ ತೋಟದವರಿಗೂ ಕೂಲಿ ಕೊಡಬೇಕಲ್ಲ ಎಂದು ಅರ್ಧಕ್ಕೇ ಚೀಟಿ ಬರೆದುಕೊಟ್ಟರು. ಊರಿನ ತಾಳ್ಮೆಗೆ ಸಲ್ಲಬೇಕಾದ ಪ್ರಶಂಸಾಪತ್ರದ ಮೇಲೆ ಶಾಖೆಯ ಹೆಸರು ಬಂತು, ಅಷ್ಟೆ.

ಎನ್‌ಪಿಎ ಇಳಿದದ್ದಕ್ಕೂ ಕಾರಣವಿದೆ. 1923ರಷ್ಟು ಹಿಂದೆಯೇ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡ ಊರು ಇದು; ಇಲ್ಲಿನವರಿಗೆ ಸಾಲದ ಶಿಸ್ತನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಮಳೆ ಬಿಡದೆ ಹೊಡೆದು, ಬೋರ್ಡೋ ದ್ರಾವಣ ಸಿಂಪಡಿಸಲು ಬಿಡುವೇ ಸಿಗದೆ, ಕೊಳೆ ರೋಗಕ್ಕೆ ಎಳೆಯ ಅಡಿಕೆ ಉದುರಿದ ವರ್ಷ, ಎಷ್ಟೋ ರೈತರು ನಮ್ಮ ನೋಟಿಸು ಬರುವ ಮೊದಲೇ ತಾವಾಗಿ ಬಂದು ಇದ್ದದ್ದನ್ನು ಇದ್ದಂತೆ ಹೇಳಿದರು. ನಮ್ಮ ಕೃಷಿ ಅಧಿಕಾರಿಯವರು ರಸ್ತೆ ಮುಗಿದ ಮೇಲೂ ನಡೆದು ಹೋಗಿ ತೋಟ ನೋಡಿ ಬರೆದ ವರದಿಗಳು ಇಲ್ಲದಿದ್ದರೆ, ಆ ಸಾಲಗಳ ಅವಧಿ ವಿಸ್ತರಿಸಲು ನನ್ನ ಸಹಿಯೊಂದೇ ಸಾಲುತ್ತಿರಲಿಲ್ಲ. ಠೇವಣಿಯ ಮಾತಿಗೆ ಬಂದರೆ, ಪೇಟೆಯ ಅಂಗಡಿಗಳಿಗೆ ದಿನವೂ ಸಂಜೆ ಹೋಗುವ ಪಿಗ್ಮಿ ಏಜೆಂಟರನ್ನೂ, ತಿಂಗಳು ತಪ್ಪದೆ ಉಳಿತಾಯ ಕಟ್ಟುವ ಸ್ವಸಹಾಯ ಸಂಘದ ಅಕ್ಕಂದಿರನ್ನೂ ಕೇಳಿ.

ನನ್ನ ಪತ್ನಿಗೆ ಮತ್ತು ಮಕ್ಕಳಿಗೆ ಋಣಿಯಾಗಿದ್ದೇನೆ. ಪ್ರತಿ ವರ್ಗಾವಣೆಯಲ್ಲೂ ನನಗೆ ಮೇಜು, ಕುರ್ಚಿ, ನಮಸ್ಕಾರ ಹೇಳುವ ಜನ ಸಿದ್ಧವಾಗಿರುತ್ತಿದ್ದರು. ಹೊಸ ಶಾಲೆ, ಹೊಸ ಬಾಡಿಗೆ ಮನೆ, ಹಾಲಿನವರು, ಗ್ಯಾಸಿನವರು ಎಂದು ಎಲ್ಲವನ್ನೂ ಮೊದಲಿನಿಂದ ಹೊಂದಿಸಿಕೊಂಡವರು ಅವರು.

ಅಧಿಕಾರ ವಹಿಸಿಕೊಂಡಿರುವ ಹೊಸ ವ್ಯವಸ್ಥಾಪಕರು ನನಗಿಂತ ಚಿಕ್ಕವರು, ಕಂಪ್ಯೂಟರಿನಲ್ಲಿ ನನಗಿಂತ ಬಹಳ ಚುರುಕು. ನನಗೆ ತೋರಿಸಿದ ಸಹಕಾರವನ್ನು ಅವರಿಗೂ ತೋರಿಸಬೇಕೆಂದು ಕೋರುತ್ತೇನೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಅದು ಅವರ ತಪ್ಪಲ್ಲ ಎಂಬುದನ್ನು ಮಾತ್ರ ಗ್ರಾಹಕರು ದಯವಿಟ್ಟು ನೆನಪಿಡಬೇಕು.

ಇನ್ನು ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಸಲ್ಲಿಸಲು ಪಿಂಚಣಿದಾರನಾಗಿ ನಾನೂ ಇದೇ ಕೌಂಟರಿಗೆ ಬರುತ್ತೇನೆ. ಸಾಲು ತಪ್ಪಿಸಿ ನನ್ನನ್ನು ಒಳಗೆ ಕರೆಯಬೇಡಿ. ಇಷ್ಟು ವರ್ಷ ನನ್ನನ್ನು ನಡೆಸಿಕೊಂಡು ಬಂದ ನಿಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು.