ಪರೀಕ್ಷೆಯ ಒತ್ತಡ: ರೇಷ್ಮೆ ಹುಳುಮನೆಯ ಪಕ್ಕದಲ್ಲಿ ಕೂತು ಓದುವವರಿಗೆ

ಕಳೆದ ವರ್ಷ ಇದೇ ಹೊತ್ತಿಗೆ ಶಿಡ್ಲಘಟ್ಟ ತಾಲ್ಲೂಕಿನ ಕೆಲವು ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆಂದು ನಾನು ಒಂದು ಪುಟದ ಸಲಹೆಪತ್ರ ಹಂಚಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ಸದ್ದಿಲ್ಲದ ಕೋಣೆಯಲ್ಲಿ ಕೂತು ಓದಬೇಕು, ಮೊಬೈಲ್ ಮುಟ್ಟಬಾರದು, ಭಯಪಡಬಾರದು ಎಂದು ಅದರ ತುಂಬ ‘ಬೇಕು’, ‘ಬಾರದು’ಗಳೇ ಇದ್ದವು. ಅದನ್ನು ಓದಿ ಮುಗಿಸಿದ ಹುಡುಗಿಯೊಬ್ಬಳು, “ಮಿಸ್, ನಮ್ಮನೇಲಿ ಇರೋದೇ ಎರಡು ರೂಮು, ಒಂದರಲ್ಲಿ ಹುಳ ಇದಾವೆ. ನಾನೆಲ್ಲಿ ಕೂತ್ಕೊಳ್ಲಿ?” ಎಂದು ಕೇಳಿದಳು. ಅದು ತಲೆಹರಟೆಯ ಪ್ರಶ್ನೆಯಾಗಿರಲಿಲ್ಲ, ಅವಳಿಗೆ ನಿಜಕ್ಕೂ ಉತ್ತರ ಬೇಕಿತ್ತು, ಮತ್ತು ನನ್ನ ಬಳಿ ಆ ದಿನ ಉತ್ತರ ಇರಲಿಲ್ಲ. ಆ ಪುಟವನ್ನು ಈಗ ಮೊದಲಿನಿಂದ ಬರೆದಿದ್ದೇನೆ. ಇದರಲ್ಲಿ ನಿಮಗೆ ಒಗ್ಗುವುದನ್ನು ಇಟ್ಟುಕೊಳ್ಳಿ, ಒಗ್ಗದ್ದನ್ನು ಬಿಟ್ಟುಬಿಡಿ.

ಮೊದಲು ಮನೆಯ ವಿಷಯ. ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದ ಮೇಲೆ ಹಣ್ಣಾಗುವವರೆಗಿನ ಏಳೆಂಟು ದಿನ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲವೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೊಪ್ಪು ತರುವುದು, ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ನಾಳೆಗೆ ಮುಂದೂಡುವ ಕೆಲಸಗಳಲ್ಲ. ಹೀಗಿರುವಾಗ ‘ಇವತ್ತು ಆರು ಗಂಟೆ ಓದುತ್ತೇನೆ’ ಎಂದು ಬರೆದಿಟ್ಟುಕೊಂಡು, ರಾತ್ರಿ ಹತ್ತಕ್ಕೆ ಒಂದು ಗಂಟೆಯೂ ಆಗಲಿಲ್ಲವೆಂದು ನಿಮ್ಮನ್ನು ನೀವೇ ಬೈದುಕೊಳ್ಳುವುದರಿಂದ ಓದಿನ ಆಯಾಸಕ್ಕಿಂತ ಹೆಚ್ಚಿನ ಆಯಾಸವಾಗುತ್ತದೆ. ಈ ಸಲದ ಹುಳು ಯಾವ ವಾರ ಹಣ್ಣಾಗಬಹುದೆಂದು ಅಪ್ಪನನ್ನೋ ಅಮ್ಮನನ್ನೋ ಈಗಲೇ ಕೇಳಿ, ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿಕೊಳ್ಳಿ. ಚಂದ್ರಿಕೆಯ ದಿನವನ್ನು ಓದಿನ ಲೆಕ್ಕದಿಂದಲೇ ತೆಗೆದುಬಿಡಿ. ಉಳಿದ ದಿನಗಳಲ್ಲಿ ಬೆಳಿಗ್ಗೆ ಸೊಪ್ಪು ಹಾಕಿ ಬಂದ ಮೇಲೆ ಅರ್ಧ ಗಂಟೆ, ಶಾಲೆ ಬಿಟ್ಟ ನಂತರ ಅಲ್ಲೇ ತರಗತಿಯಲ್ಲಿ ಮುಕ್ಕಾಲು ಗಂಟೆ, ಹೀಗೆ ಸಿಗುವ ತುಣುಕುಗಳಿಗೆ ಹೊಂದುವಷ್ಟೇ ಕೆಲಸವನ್ನು ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಬರೆದಿಡಿ. ‘ವಿಜ್ಞಾನ ಓದುವುದು’ ಎಂದು ಬರೆದರೆ ಎಲ್ಲಿಂದ ಶುರುಮಾಡುವುದೆಂಬ ಯೋಚನೆಯಲ್ಲೇ ಅರ್ಧ ಗಂಟೆ ಕಳೆದುಹೋಗುತ್ತದೆ. ‘ಕಣ್ಣಿನ ಚಿತ್ರ, ಭಾಗಗಳ ಹೆಸರು, ಎರಡು ಸಲ’ ಎಂದಿದ್ದರೆ ಕೂತ ಕೂಡಲೇ ಕೈ ಓಡುತ್ತದೆ.

ಓದುವ ರೀತಿಯ ಬಗ್ಗೆ ಒಂದೇ ಮಾತು ಹೇಳುವೆ, ಏಕೆಂದರೆ ಇಷ್ಟು ವರ್ಷಗಳಲ್ಲಿ ಹೆಚ್ಚು ಮಕ್ಕಳಿಗೆ ನೆರವಾದದ್ದನ್ನು ನಾನು ಕಂಡಿರುವುದು ಇದೊಂದನ್ನೇ. ಒಂದು ಪಾಠವನ್ನು ನಾಲ್ಕು ಸಲ ಓದಿದರೆ ಅದು ಪರಿಚಿತವಾಗುತ್ತದೆ, ಪರಿಚಿತವಾದದ್ದು ಬಂದೇಬಿಟ್ಟಿತೆಂಬ ಭ್ರಮೆ ಹುಟ್ಟುತ್ತದೆ, ಪರೀಕ್ಷೆಯಲ್ಲಿ ಪುಸ್ತಕ ಮುಂದಿಲ್ಲದಾಗ ಮಾತ್ರ ಆ ಭ್ರಮೆ ಕಳಚುತ್ತದೆ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿರುವಷ್ಟನ್ನು ಹಳೆಯ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಗೀಚಿ, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ನೋಡಿಕೊಳ್ಳಿ. ಎರಡು ದಿನ ಬಿಟ್ಟು ಅದನ್ನೇ ಮತ್ತೊಮ್ಮೆ ಮಾಡಿ. ಮೊದಲ ಸಲ ಬರೆಯುವಾಗ ಅರ್ಧದಷ್ಟೂ ನೆನಪಾಗದೆ ಬೇಸರವಾಗುತ್ತದೆ, ಆದರೆ ನೆನಪಿಗಾಗಿ ತಡಕಾಡುವ ಆ ಕಷ್ಟವೇ ವಿಷಯವನ್ನು ಗಟ್ಟಿಮಾಡುತ್ತದೆ. ಸೊಪ್ಪು ಹಾಕುತ್ತ ತಂಗಿಗೆ ಹೇಳಿದರೂ ಇದೇ ಕೆಲಸವಾಗುತ್ತದೆ, ಮನೆಮಾತು ತೆಲುಗಾಗಿದ್ದರೆ ತೆಲುಗಿನಲ್ಲೇ ಹೇಳಿ, ಕನ್ನಡದಲ್ಲಿ ಆಮೇಲೆ ಬರೆಯಬಹುದು.

ನಾಲ್ಕು ಗಂಟೆಗೇ ಏಳಬೇಕೆಂಬ ಹಳೆಯ ಸಲಹೆಯನ್ನು ಹಿಂದಕ್ಕೆ ಪಡೆದಿದ್ದೇನೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕು, ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವುದಕ್ಕೂ ನಿದ್ದೆ ಸಹಾಯಮಾಡುತ್ತದೆ. ಅಷ್ಟು ಸಾಧ್ಯವಾಗದ ಮನೆಗಳಿವೆ. ಕೊನೆಯ ಪಕ್ಷ ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಯನ್ನಾದರೂ ಹೊಸ ಪಾಠಕ್ಕೆ ಬಲಿಕೊಡಬೇಡಿ.

ಇನ್ನು ಪರೀಕ್ಷಾ ಕೊಠಡಿ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಹೊಟ್ಟೆಯೊಳಗೆ ಏನೋ ತಿರುವಿದಂತಾಗುವುದು ನೀವು ಓದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಮುಖ್ಯವಾದುದೇನೋ ಎದುರಿಗಿದೆಯೆಂದು ದೇಹ ಸಿದ್ಧವಾಗುವ ಬಗೆ ಅದು, ಚೆನ್ನಾಗಿ ಓದಿದವರಿಗೂ ಹಾಗೆಯೇ ಆಗುತ್ತದೆ. ಪಾದಗಳನ್ನು ನೆಲಕ್ಕೆ ಊರಿ, ಮೂಗಿನಿಂದ ಉಸಿರೆಳೆದುಕೊಂಡು, ಬಿಸಿ ಕಾಫಿಯನ್ನು ಆರಿಸುವಾಗ ಊದುವಂತೆ ಬಾಯಿಂದ ನಿಧಾನವಾಗಿ ಬಿಡಿ. ಎಳೆದುಕೊಂಡದ್ದಕ್ಕಿಂತ ಬಿಡುವ ಉಸಿರು ಉದ್ದವಾಗಿದ್ದರೆ ಎದೆಬಡಿತ ತಾನಾಗಿ ಇಳಿಯತೊಡಗುತ್ತದೆ, ಐದಾರು ಸಲ ಸಾಕು. ಇದನ್ನು ಅಲ್ಲೇ ಮೊದಲ ಸಲ ಪ್ರಯತ್ನಿಸುವ ಬದಲು ಇವತ್ತಿನಿಂದಲೇ ರಾತ್ರಿ ಮಲಗುವಾಗ ಮಾಡಿ ನೋಡಿ. ಪತ್ರಿಕೆ ಓದಿಕೊಳ್ಳಲೆಂದೇ ಕೊಡುವ ಹದಿನೈದು ನಿಮಿಷಗಳಲ್ಲಿ ಬರುವ ಪ್ರಶ್ನೆಗಳನ್ನು ಮಾತ್ರ ಹುಡುಕಿ. ಬಾರದವು ಎಲ್ಲಿಗೂ ಓಡಿಹೋಗುವುದಿಲ್ಲ. ಖಂಡಿತ ಬರುವ ಒಂದು ಪ್ರಶ್ನೆ, ಅದು ಒಂದೇ ಅಂಕದ್ದಾದರೂ ಸರಿ, ಅದರಿಂದ ಶುರುಮಾಡಿ, ಪ್ರಶ್ನೆಯ ಸಂಖ್ಯೆಯನ್ನು ಸರಿಯಾಗಿ ಬರೆಯಿರಿ. ಎಲ್ಲ ಮರೆತೇಹೋಯಿತು ಎನ್ನಿಸಿದರೆ ಆ ವಿಷಯದ ಒಂದು ಪದವನ್ನೋ ಸೂತ್ರವನ್ನೋ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆಯಿರಿ, ಬಹಳ ಸಲ ಅದರ ಬಾಲ ಹಿಡಿದು ಉಳಿದದ್ದು ಬರುತ್ತದೆ. ಹೊರಗೆ ಬಂದ ಮೇಲೆ ಗೇಟಿನ ಬಳಿ ಉತ್ತರ ತಾಳೆನೋಡುವ ಗುಂಪು ಇದ್ದೇ ಇರುತ್ತದೆ. ನಿಲ್ಲುವುದೂ ಬಿಡುವುದೂ ನಿಮ್ಮಿಷ್ಟ. ನನ್ನ ಕೇಳಿದರೆ ಬಸ್ಸು ಹಿಡಿಯುವುದು ಒಳ್ಳೆಯದು.

ಮನೆಯವರು ಈ ಪುಟ ಓದುತ್ತಿದ್ದರೆ ಒಂದು ಬಿನ್ನಹ. “ಎಷ್ಟು ಬರುತ್ತೆ?” ಎಂಬ ಪ್ರಶ್ನೆಯನ್ನು ಫಲಿತಾಂಶದವರೆಗೆ ಪಕ್ಕಕ್ಕಿಟ್ಟು, ಮಗು ಮನೆಗೆ ಬಂದಾಗ “ಊಟ ಮಾಡ್ತೀಯಾ?” ಎಂದು ಕೇಳಿದರೆ ದೊಡ್ಡ ಉಪಕಾರ. ನಮ್ಮ ರಾಜ್ಯದಲ್ಲಿ ಮೊದಲ ಪರೀಕ್ಷೆ ಕೈಕೊಟ್ಟರೂ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ವರ್ಷ ಹಾಳಾಯಿತೆಂದು ಆ ದಿನವೇ ತೀರ್ಮಾನಿಸಬೇಕಾಗಿಲ್ಲ.

ಎರಡು ವಾರದಿಂದ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಾದರೆ ಉಸಿರಾಟ, ಚೀಟಿಗಳಷ್ಟೇ ಸಾಲುವುದಿಲ್ಲ, ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. ‘ನಾನು ಇರಲೇಬಾರದು’ ಎಂಬ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ಹೇಳಿ, ಒಂಟಿಯಾಗಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳ ಸಹಾಯವಾಣಿ 1098.

ಪರೀಕ್ಷೆ ಮುಗಿಯುವವರೆಗೆ ಪ್ರತಿ ಬುಧವಾರ ಮಧ್ಯಾಹ್ನ ಎರಡೂವರೆಯಿಂದ ಶಾಲೆಯ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ನೀವು ಹೇಳಿದ್ದು ನಿಮ್ಮ ಜೀವಕ್ಕೆ ಅಪಾಯವಿದ್ದರೆ ಹೊರತು ನನ್ನಿಂದ ಆಚೆ ಹೋಗುವುದಿಲ್ಲ. ಮಾತನಾಡಲು ಏನೂ ಇಲ್ಲದಿದ್ದರೂ ಪುಸ್ತಕ ಹಿಡಿದು ಬಂದು ಕೂರಬಹುದು. ಕಳೆದ ವರ್ಷ ಎಲ್ಲಿ ಕೂರಲಿ ಎಂದು ಕೇಳಿದ ಹುಡುಗಿ ಕೊನೆಗೆ ಕೂತದ್ದು ಅಲ್ಲೇ, ಕಿಟಕಿಯ ಪಕ್ಕದ ಬೆಂಚಿನಲ್ಲಿ.